ಬಿಸಿ ಇಂಜಿನ್ನಿನ ಮುಚ್ಚಳದ ವಿಷಯ

“ದೊಡ್ಡಪ್ಪ, ಬಿ.ಎಚ್. ರಸ್ತೆಯಲ್ಲಿ ಟೌನ್ ಹಾಲ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಕಾರಿನಲ್ಲಿ ಕೆಂಪು ಟೆಂಪರೇಚರ್ ದೀಪ ಹತ್ತಿತು. ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದ್ದೇನೆ, ಹೊಗೆ ಏನೂ ಇಲ್ಲ. ತುಂಬಾ ಭಯವಾಗುತ್ತಿದೆ. ರೇಡಿಯೇಟರಿನ ಮುಚ್ಚಳ ತೆಗೆದು ನೀರು ಹಾಕಲಾ?”

ಬೇಡ ಮಗಳೇ, ಮುಚ್ಚಳವನ್ನು ಮುಟ್ಟಬೇಡ. ಇಂಜಿನ್ ಆಫ್ ಮಾಡಿದ್ದು ಸರಿಯಾಯಿತು. ಪಕ್ಕದಲ್ಲಿ ನಿಂತವರು ಯಾರಾದರೂ ಸಹಾಯ ಮಾಡುತ್ತೇನೆಂದು ಆ ಮುಚ್ಚಳಕ್ಕೆ ಕೈ ಹಾಕಲು ಬಂದರೆ ಅವರನ್ನೂ ತಡೆ.

ನನ್ನ ಬಲಗೈಯ ಸುಟ್ಟ ಗುರುತನ್ನು ಮನೆಯವರು ನೀವೆಲ್ಲರೂ ನೋಡಿದ್ದೀರಿ. ಗುಬ್ಬಿ ಅತ್ತೆಯ ಮಗಳ ಮದುವೆಯ ಕರೆಯೋಲೆ ಹಂಚಲು ಹೊರಟಿದ್ದ ದಿನ ಆದದ್ದು ಅದು. ಏಪ್ರಿಲ್ ತಿಂಗಳ ಮಧ್ಯಾಹ್ನ, ನಮ್ಮ ಹಳೆಯ ಬಿಳಿ ಕಾರು, ಹಿಂದೆ ನಿಮ್ಮ ದೊಡ್ಡಮ್ಮ ಮತ್ತು ಇಬ್ಬರು ಮಕ್ಕಳು. ಬೆಂಗಳೂರಿನಿಂದ ಕ್ಯಾತ್ಸಂದ್ರದವರೆಗೆ ಹೆದ್ದಾರಿಯಲ್ಲಿ ಬರುವಾಗ ಟೆಂಪರೇಚರ್ ಮುಳ್ಳು ಎಂದಿನಂತೆ ನಡುವಿನಲ್ಲಿಯೇ ಇತ್ತು. ಊರೊಳಗೆ ಬಂದು ಬಟವಾಡಿಯಿಂದ ಮುಂದೆ ಆಮೆಯ ನಡಿಗೆಯಲ್ಲಿ ಸಾಗತೊಡಗಿದಾಗ ಅದು ಮೆಲ್ಲನೆ ಮೇಲೇರಿತು. ಇನ್ನೊಂದು ಸಿಗ್ನಲ್ ದಾಟಿದರೆ ಮನೆ ಬಂತು ಎಂದುಕೊಂಡು ನಾನು ಎ.ಸಿ.ಯನ್ನೂ ಆರಿಸದೆ ಮುಂದುವರಿದೆ. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದ ಮೇಲೆಯೇ ನಿಲ್ಲಿಸಿದ್ದು.

ನಿಲ್ಲಿಸಿ ಐದು ನಿಮಿಷ ಕಾದೆ. ಐದು ನಿಮಿಷದಲ್ಲಿ ಆರಿರುತ್ತದೆ ಎಂಬುದು ನನ್ನ ಲೆಕ್ಕ. ಟವೆಲನ್ನು ನಾಲ್ಕು ಮಡಿಕೆ ಮಾಡಿ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ ಕಾಲು ಸುತ್ತು ತಿರುಗಿಸಿದೆ, ಅಷ್ಟೆ. ಮುಚ್ಚಳ ಕೈಯಿಂದ ಕಿತ್ತುಕೊಂಡು ಹಾರಿತು, ಕುದಿಯುವ ನೀರು ಬುಗ್ಗೆಯಂತೆ ಎದ್ದು ಮೊಣಕೈಯಿಂದ ಬೆರಳುಗಳವರೆಗೆ ಸುರಿಯಿತು. ಮುಖವನ್ನು ಆ ಕ್ಷಣದಲ್ಲಿ ಪಕ್ಕಕ್ಕೆ ತಿರುಗಿಸಿದ್ದೆನಾದ್ದರಿಂದ ಕಣ್ಣು ಉಳಿಯಿತು. ಯಾರೋ ಟೂತ್‌ಪೇಸ್ಟ್ ಹಚ್ಚಿದರು. ಅದನ್ನು ಹಚ್ಚಬಾರದು, ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಕೈಯನ್ನು ಹಿಡಿಯಬೇಕಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಹೀಗೇಕಾಗುತ್ತದೆ ಎಂಬುದನ್ನು ಅಡುಗೆಮನೆಯವರೆಲ್ಲರೂ ಬಲ್ಲರು. ವಿಷಲ್ ಇಳಿಯುವ ಮೊದಲು ಕುಕ್ಕರಿನ ಮುಚ್ಚಳವನ್ನು ಯಾರೂ ತೆಗೆಯುವುದಿಲ್ಲ. ನಮ್ಮ ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ. ಆದರೆ ಇಂಜಿನ್ನನ್ನು ತಣಿಸಲು ಅದರೊಳಗೆ ಹರಿಯುವ ಕೂಲಂಟ್ ದ್ರವವನ್ನು ಆ ಮುಚ್ಚಳವು ಒತ್ತಡದಲ್ಲಿ ಹಿಡಿದಿರುವುದರಿಂದ ಅದು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಮುಚ್ಚಳವನ್ನು ಸಡಿಲಿಸಿದ ಕೂಡಲೇ ಒತ್ತಡ ಹೋಗುತ್ತದೆ, ಒಳಗಿನದು ಒಮ್ಮೆಲೇ ಕುದಿದು ಆವಿಯೊಡನೆ ಹೊರಗೆ ನುಗ್ಗುತ್ತದೆ. ಇನ್ನೊಂದು ಸಂಗತಿ ನನಗೆ ಆಗ ಗೊತ್ತಿರಲಿಲ್ಲ: ಇಂಜಿನ್ ಆರಿಸಿದೊಡನೆ ಪಂಪು ನಿಂತು ಕೂಲಂಟ್ ಒಳಗೆ ಹರಿಯುವುದು ನಿಲ್ಲುವುದರಿಂದ, ಲೋಹದಲ್ಲಿ ಸೇರಿಕೊಂಡಿರುವ ಕಾವು ಅದಕ್ಕೆ ಇಳಿದು, ಮೊದಲ ಕೆಲವು ನಿಮಿಷಗಳಲ್ಲಿ ಅದು ಇನ್ನಷ್ಟು ಬಿಸಿಯಾಗುತ್ತದೆ. ನಾನು ಕಾದ ಐದು ನಿಮಿಷವೇ ಎಲ್ಲಕ್ಕಿಂತ ಅಪಾಯದ ಹೊತ್ತಾಗಿತ್ತು. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ ಮಗಳೇ, ಟವೆಲ್ ಇರಲಿ, ಕೈಗವಸು ಇರಲಿ, ಬಿಸಿಯಿರುವಾಗ ಆ ಮುಚ್ಚಳವನ್ನು ಮುಟ್ಟಬೇಡ.

ಅಂದು ನನ್ನ ಕೈ ಸುಟ್ಟಿತು, ಇಂಜಿನ್ನಿನ ಮೇಲ್ಭಾಗದ ಹೆಡ್ಡೂ ಕಾವಿಗೆ ಬೆಂಡಾಯಿತು. ಇದರಲ್ಲಿ ನನಗೆ ಇಂದಿಗೂ ನೋವಾಗುವುದು ಒಂದು ಗ್ಯಾರೇಜಿನವರ ವಿಷಯ. ಮೂರು ವಾರ ಮೊದಲೇ ಅವರ ಬಳಿಗೆ ಹೋಗಿ, ಹೆದ್ದಾರಿಯಲ್ಲಿ ಸರಿಯಿರುತ್ತದೆ, ಊರೊಳಗೆ ನಿಧಾನವಾಗಿ ಹೋದಾಗ ಮಾತ್ರ ಇಂಜಿನ್ ಬಿಸಿಯಾಗುತ್ತದೆ ಎಂದು ಬಿಡಿಸಿ ಹೇಳಿದ್ದೆ. ಆ ಒಂದು ಮಾತಿನಲ್ಲಿಯೇ ಉತ್ತರವಿತ್ತು. ವೇಗವಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತು ನಿಂತು ಹೋಗುವಾಗ ಆ ಕೆಲಸವನ್ನು ಫ್ಯಾನ್ ಒಂದೇ ಮಾಡಬೇಕು. ಅವರು ಫ್ಯಾನ್ ತಿರುಗುತ್ತದೆಯೇ ಎಂದು ನೋಡಲೇ ಇಲ್ಲ. ಕಾವಿಗೆ ತಕ್ಕಂತೆ ಕೂಲಂಟನ್ನು ಹರಿಯಬಿಡುವ ಥರ್ಮೋಸ್ಟಾಟನ್ನು ಕಿತ್ತು ಎಸೆದರು, ಇದ್ದ ಹಸಿರು ಕೂಲಂಟನ್ನು ಚೆಲ್ಲಿ ಅಲ್ಲಿಯೇ ಬೋರ್‌ವೆಲ್ಲಿನ ನೀರು ತುಂಬಿಸಿ ಹಣ ತೆಗೆದುಕೊಂಡರು. ನಮ್ಮ ಕಡೆಯ ಬೋರಿನ ನೀರು ಸ್ನಾನದ ಹಂಡೆಯಲ್ಲಿಯೇ ಬಿಳಿ ಪಾಚಿಯಂತೆ ಗಟ್ಟಿ ಕಟ್ಟುವುದನ್ನು ನೀವು ನೋಡಿಲ್ಲವೇ? ಅದೇ ಗಸಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕೂರುತ್ತದೆ. ಕೊನೆಗೆ ಬೇರೆಯವರು ಬಿಚ್ಚಿ ನೋಡಿದಾಗ ಸುಟ್ಟಿದ್ದದ್ದು ಫ್ಯಾನಿನ ಒಂದು ಫ್ಯೂಸ್ ಎಂದು ತಿಳಿಯಿತು. ಮೊದಲಿನವರಿಗೆ ಕಟ್ಟು ಹಾಕಿದ ಕೈಯನ್ನು ತೋರಿಸಿ ಕೇಳಿದರೆ, ಹಳೆಯ ಗಾಡಿ ಸಾರ್ ಎಂದರೇ ಹೊರತು ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ.

ಇರಲಿ. ನೀನು ಬಿಸಿಲಿನಲ್ಲಿ ನಿಂತು ಕೇಳಿದ್ದಕ್ಕೆ ಉತ್ತರ ಹೇಳುವುದೇ ತಡವಾಯಿತು. ಮೊದಲು ಎರಡೂ ಕಡೆಯ ಇಂಡಿಕೇಟರ್ ಮಿನುಗುವಂತೆ ಮಾಡಿ, ಮಗು ಜೊತೆಗಿದ್ದರೆ ಕರೆದುಕೊಂಡು ಫುಟ್‌ಪಾತಿನ ಕಡೆಯಿಂದ ಇಳಿದು ನೆರಳಿಗೆ ಹೋಗು. ಆವಿ ಬರುತ್ತಿಲ್ಲವಾದ್ದರಿಂದ ಬಾನೆಟ್ ಎತ್ತಿ ಬಿಟ್ಟರೆ ಬೇಗ ಆರುತ್ತದೆ, ಆದರೆ ಇಂಜಿನ್ ಆಫ್ ಆಗಿದ್ದರೂ ಫ್ಯಾನ್ ತಾನಾಗಿಯೇ ತಿರುಗಬಹುದು, ಹತ್ತಿರ ಕೈಯಾಗಲಿ ಸೆರಗಾಗಲಿ ಹೋಗಬಾರದು. ಇಂಜಿನ್ನಿನ ಮೇಲೆ ತಣ್ಣೀರನ್ನು ಸುರಿಯಬೇಡ, ಕಾದ ಲೋಹ ಬಿರುಕು ಬಿಡಬಹುದು. ಹೀಗೆ ಒಂದು ಗಂಟೆ ಬಿಡು.

ಆಮೇಲೆ ರೇಡಿಯೇಟರಿನ ಮೇಲ್ಭಾಗದಿಂದ ಇಂಜಿನ್ನಿಗೆ ಹೋಗುವ ದಪ್ಪ ಹೋಸ್‌ಪೈಪಿನ ಬಳಿ ಅಂಗೈ ಹಿಡಿದು ನೋಡು. ಕಾವು ತಟ್ಟದಿದ್ದರೆ ಮಾತ್ರ ಅದನ್ನು ಮೆಲ್ಲನೆ ಒತ್ತು. ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇನ್ನೂ ಇದೆ ಎಂದರ್ಥ, ಮತ್ತೆ ಕಾಯಬೇಕು. ಮೆತ್ತಗಿದ್ದರೆ ಪಕ್ಕದ ಪ್ಲಾಸ್ಟಿಕ್ ಡಬ್ಬಿಯನ್ನು ಹೊರಗಿನಿಂದಲೇ ನೋಡು, ಕೂಲಂಟ್ ಕೆಳಗಿನ ಗೆರೆಗಿಂತ ಮೇಲಿದೆಯೋ ಇಲ್ಲವೋ ತಿಳಿಯುತ್ತದೆ. ಡಬ್ಬಿ ಖಾಲಿಯಾಗಿದ್ದರೆ ಅಥವಾ ಕಾರಿನ ಕೆಳಗೆ ಹಸಿರೋ ಕೆಂಪೋ ನೀರು ನಿಂತಿದ್ದರೆ ಎಲ್ಲಿಯೋ ಸೋರುತ್ತಿದೆ, ಅದನ್ನು ಓಡಿಸುವಂತಿಲ್ಲ, ಟೋ ಮಾಡಿಸೋಣ. ಗೆರೆಯವರೆಗೆ ಇದ್ದರೆ ನನ್ನ ಅನುಮಾನ ಫ್ಯಾನಿನ ಮೇಲೆಯೇ. ನಾನು ಬಂದ ಮೇಲೆ ಕಾರನ್ನು ಚಾಲೂ ಮಾಡಿ ಎ.ಸಿ. ಹಾಕಿದರೆ ಸಾಮಾನ್ಯವಾಗಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸಿನಿಂದ ಹುಡುಕುತ್ತೇವೆ.

ಮನೆಯ ಉಳಿದವರಿಗೂ ಒಂದು ಮಾತು. ಮುಳ್ಳು ಏರುತ್ತಿದೆ, ಇನ್ನೂ ಕೆಂಪಾಗಿಲ್ಲ, ಆವಿಯೂ ಇಲ್ಲ, ಆದರೆ ಟ್ರಾಫಿಕ್ ನಡುವೆ ಪಕ್ಕಕ್ಕೆ ಹೋಗಲು ಜಾಗವಿಲ್ಲ ಎಂದಾದರೆ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಗಾಳಿಯನ್ನು ಜೋರಾಗಿ ಬಿಡಿ. ಸೆಕೆ ತಡೆಯಲಾಗುವುದಿಲ್ಲ, ಆದರೆ ಇಂಜಿನ್ನಿನ ಕಾವು ಸ್ವಲ್ಪ ಆ ದಾರಿಯಿಂದ ಹೊರಗೆ ಬರುತ್ತದೆ. ಇದು ರಸ್ತೆಯ ಬದಿ ಸೇರುವವರೆಗೆ ಮಾತ್ರ, ಮನೆ ಸೇರುವುದಕ್ಕಲ್ಲ. ಮುಳ್ಳು ಮೇಲಿದ್ದೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲಂಟೇ ಇಳಿದುಹೋಗಿರಬಹುದು, ಆಗ ಒಂದು ಮಾರು ದೂರವೂ ಓಡಿಸದೆ ಅಲ್ಲಿಯೇ ಆರಿಸಿ.

ಮಗಳೇ, ನಾನು ಕೂಲಂಟಿನ ಕ್ಯಾನು ಹಿಡಿದುಕೊಂಡು ಈಗ ಹೊರಡುತ್ತಿದ್ದೇನೆ. ಟೌನ್ ಹಾಲಿನ ಯಾವ ಕಡೆ ನಿಂತಿದ್ದೀಯೆಂದು ಬರೆದು ಹಾಕು, ಅಲ್ಲಿಯವರೆಗೆ ನೆರಳಿನಲ್ಲಿಯೇ ಇರು.