ಬಿಲ್ ಫೋಟೊಗಳಿಂದ ಒಂದೇ ಶೀಟ್: ಟೋಟಲ್ ಮೂರು ಪಟ್ಟು ಬರ್ತಿದೆ, ಯಾಕೆ?

ಟೈಪಿಂಗ್_ಮನೆ: ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. 64 ಬಿಲ್ ಎಂಟ್ರಿ ಮಾಡಿದ್ದೀನಿ. ಅಂಗಡಿಯವರ ಲೆಕ್ಕ 3,12,600. ನನ್ನ ಶೀಟ್‌ನಲ್ಲಿ 9,14,230. ಫೋಟೊ ಪಕ್ಕ ಇಟ್ಕೊಂಡು ಎರಡು ಸಲ ತಾಳೆ ನೋಡಿದೆ, ಎಲ್ಲಾ ಸರಿ ಇದೆ. ಬೇಗ ಹೇಳಿ, ನಾಳೆ ಕೊಡಬೇಕು.

ಡಬಲ್_ಮಾನಿಟರ್: ಬಿಲ್ ನಂಬರ್ ಕಾಲಮ್ ನೋಡಿ. ಬಿಲ್ ಪುಸ್ತಕ 5, ಬಿಲ್ 7 ಅಂತ 5/7 ಹೊಡೆದರೆ ಎಕ್ಸೆಲ್ ಅದನ್ನ 05-Jul ಮಾಡುತ್ತೆ. ಟೈಪ್ ಮಾಡೋಕೆ ಮುಂಚೆನೇ ಕಾಲಮ್ಮನ್ನ Text ಮಾಡ್ಕೋಬೇಕು.

ಟೈಪಿಂಗ್_ಮನೆ: ಎರಡು ಕಡೆ ಹಾಗೇ ಆಗಿತ್ತು, Text ಮಾಡಿದೆ. ಟೋಟಲ್ ಒಂದು ರೂಪಾಯಿನೂ ಇಳಿಯಲಿಲ್ಲ.

ಡಬಲ್_ಮಾನಿಟರ್: ಆಮೇಲೆ Text ಮಾಡಿದ್ರೆ 45843 ಥರ ಐದಂಕಿ ಕಾಣುತ್ತೆ. ಅಳಿಸಿ ಮತ್ತೆ 5/7 ಅಂತಲೇ ಹೊಡೀಬೇಕು. ನೂರಕ್ಕೆ ನೂರು ಇದೇ ಸಮಸ್ಯೆ.

ಖಾತೆ_ಕಿರ್ದಿ: ಬಿಲ್ ನಂಬರ್ ಕೆಟ್ಟರೆ ಮೊತ್ತ ಯಾಕೆ ಮೂರು ಪಟ್ಟಾಗುತ್ತೆ ಸರ್? ಮೇಡಂ, ಅಂಗಡಿಯವರು ಏನಂತ ಬರೆದುಕೊಟ್ಟಿದ್ದಾರೆ, ಅದನ್ನ ಇದ್ದ ಹಾಗೇ ಇಲ್ಲಿ ಹಾಕಿ.

ಟೈಪಿಂಗ್_ಮನೆ: ಎಲ್ಲರೂ ಬರೆಯೋ ಥರನೇ ಇದೆ ಅಂತ ಹಾಕಿರಲಿಲ್ಲ.

> ಮೇಡಂ ಅವರಿಗೆ ನಮಸ್ಕಾರ. ಏಪ್ರಿಲ್ ತಿಂಗಳ ಖರೀದಿ ಬಿಲ್ಲುಗಳ ಫೋಟೊ ಕಳಿಸಿದ್ದೇನೆ. ಸಪ್ಲೈಯರ್‌ಗೊಂದು ಶೀಟ್ ಬೇಡ, ಎಲ್ಲಾ ಒಂದರಲ್ಲೇ ಇರಲಿ. ಬಿಲ್ಲಿನಲ್ಲಿ ಎಷ್ಟು ಐಟಂ ಇದೆಯೋ ಅಷ್ಟು ಸಾಲು ಹಾಕಿ. ಪೈಪು, ಫಿಟ್ಟಿಂಗು ಬೇರೆ ಬೇರೆ ಸ್ಟಾಕಿಗೆ ಏರಿಸಬೇಕು. ಕಾಲಮ್ಮುಗಳು ಹೀಗೇ ಬರಲಿ: ಫೋಟೊ ನಂಬರ್, ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ಐಟಂ, ಎಚ್‌ಎಸ್‌ಎನ್, ಎಷ್ಟು ಪೀಸು, ರೇಟು, ತೆರಿಗೆಗೆ ಮುಂಚಿನ ಮೊತ್ತ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ, ರೌಂಡ್ ಆಫ್, ಬಿಲ್ ಟೋಟಲ್. ಜಿಎಸ್‌ಟಿ ನಂಬರ್ 15 ಅಕ್ಷರ ಇದೆಯಾ ಎಣಿಸಿ, ಕರ್ನಾಟಕದ್ದು 29ರಿಂದ ಶುರುವಾಗುತ್ತೆ. ಒಂದು ಮನೆಯನ್ನೂ ಖಾಲಿ ಬಿಡಬೇಡಿ, ಫಿಲ್ಟರ್ ಹಾಕಿದಾಗ ನಮಗೆ ಸಿಗಲ್ಲ. ಅಂಕಿ ಕಾಣದಿದ್ದರೆ ಊಹೆ ಮಾಡಬೇಡಿ, ?? ಹಾಕಿ ಹಳದಿ ಬಣ್ಣ ತುಂಬಿ. ಬಿಲ್ಲಿಗೆ 6 ರೂಪಾಯಿ.

ಫ್ಲಾಟ್‌ಬೆಡ್_ಪ್ರೇಮಿ: ಫೋಟೊ ತಗೊಂಡು ಕೆಲಸ ಮಾಡಬಾರದು ಮೇಡಂ. ನಮ್ಮ ಕಡೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಎರಡು ಸ್ಕ್ರೀನ್ ಇಟ್ಟು, ಬೇರೆ ನಂಬರ್ ಪ್ಯಾಡ್‌ನಲ್ಲಿ ಹೊಡೀತೀವಿ. ಬಿಲ್ಲಿಗೆ 6 ರೂಪಾಯಿನೂ ಕಡಿಮೆಯಾಯ್ತು. 20 ಐಟಂ ಇದ್ದರೂ ಆರೇನಾ?

ಡಬಲ್_ಮಾನಿಟರ್: ಅವರು ರೇಟು ಕೇಳಿಲ್ಲ. ಐಟಂ ಲೆಕ್ಕದಲ್ಲಿ ಕೇಳಿದ್ರೆ ಚಿಕ್ಕ ಅಂಗಡಿಯವರು ಯಾರೂ ಕೆಲಸ ಕೊಡಲ್ಲ.

ಖಾತೆ_ಕಿರ್ದಿ: ತಪ್ಪು ಪತ್ರದಲ್ಲೇ ಇದೆ. "ಐಟಂಗೊಂದು ಸಾಲು", "ಒಂದು ಮನೆಯನ್ನೂ ಖಾಲಿ ಬಿಡಬೇಡಿ". ಒಂದೊಂದೇ ನೋಡಿದ್ರೆ ಎರಡೂ ಸರಿ, ಸೇರಿದ್ರೆ ಬಿಲ್ ಟೋಟಲ್ ಪ್ರತಿ ಸಾಲಿನಲ್ಲೂ ಬಂದು ಕೂರುತ್ತೆ. ಮೂರು ಐಟಂನ ಒಂದು ಬಿಲ್ ತಗೊಳ್ಳಿ: 4,200, 1,850, 950, ಒಟ್ಟು 7,000. ಶೇ 18ರಂತೆ ಸಿಜಿಎಸ್‌ಟಿ 630, ಎಸ್‌ಜಿಎಸ್‌ಟಿ 630, ಬಿಲ್ ಟೋಟಲ್ 8,260. ಮೂರು ಸಾಲಿನಲ್ಲೂ 8,260 ಹಾಕಿ ಕಾಲಮ್ ಕೂಡಿದ್ರೆ 24,780. ನೀವು ಫೋಟೊ ಜತೆ ಎಷ್ಟು ಸಲ ನೋಡಿದ್ರೂ ತಪ್ಪು ಸಿಗಲ್ಲ, ಯಾಕಂದ್ರೆ ಪ್ರತಿ ಸಾಲಿನ ಅಂಕಿಯೂ ಬಿಲ್ಲಿನಲ್ಲಿರೋದೇ.

ಟೋಟಲ್ ಅಳಿಸಬೇಡಿ, ಅವರಿಗೆ ಫಿಲ್ಟರ್‌ಗೆ ಬೇಕು. O2ರಲ್ಲಿ ಇದನ್ನ ಹಾಕಿ ಕೆಳಗೆ ಎಳೆಯಿರಿ, Nನ ಬದಲು ಆ ಕಾಲಮ್ ಕೂಡಿ.

```
=IF(COUNTIFS(B$2:B2,B2,C$2:C2,C2)=1,N2,0)
```

ಒಬ್ಬ ಸಪ್ಲೈಯರ್‌ನ ಒಂದು ಬಿಲ್ ನಂಬರ್ ಮೊದಲ ಸಲ ಬಂದಾಗ ಮಾತ್ರ ಮೊತ್ತ ಬರುತ್ತೆ. ರೌಂಡ್ ಆಫ್ ಕೂಡ ಬಿಲ್ಲಿಗೊಂದೇ ಸಲ ಇರೋದು. ಅದನ್ನ ಮೊದಲ ಸಾಲಿನಲ್ಲಿ ಹಾಕಿ, ಉಳಿದವಕ್ಕೆ 0 ಹಾಕಿ. ಖಾಲಿ ಬಿಟ್ಟ ಹಾಗೂ ಆಗಲ್ಲ.

ಡಬಲ್_ಮಾನಿಟರ್: COUNTIFS 007ನ್ನೂ 7ನ್ನೂ ಒಂದೇ ಅಂತ ಎಣಿಸುತ್ತೆ, Text ಇದ್ದರೂ.

ಖಾತೆ_ಕಿರ್ದಿ: ನಿಜ. ಆದ್ರೆ ಒಬ್ಬನೇ ಸಪ್ಲೈಯರ್ ಒಂದೇ ತಿಂಗಳಲ್ಲಿ ಎರಡೂ ಬರೆದಿದ್ರೆ ಮಾತ್ರ ತೊಂದರೆ. ಅಂಥದ್ದು ಇದ್ದರೆ ತಾರೀಖನ್ನೂ ಸೇರಿಸಿ.

ಟೈಪಿಂಗ್_ಮನೆ: ಅಬ್ಬಾ! ಈಗ 3,12,954. ಆದ್ರೂ 354 ಜಾಸ್ತಿ.

ಖಾತೆ_ಕಿರ್ದಿ: N ಕಾಲಮ್‌ನಲ್ಲಿ 354 ಅಂತ ಫಿಲ್ಟರ್ ಹಾಕಿ ನೋಡಿ. ವ್ಯತ್ಯಾಸದಷ್ಟೇ ಮೊತ್ತದ ಬಿಲ್ ಇದ್ದರೆ ಅದು ಎರಡು ಸಲ ಬಂದಿರುತ್ತೆ.

ಟೈಪಿಂಗ್_ಮನೆ: ಇದೆ! ಫೋಟೊ 18 ಮತ್ತು 41. ಒಂದೇ ಬಿಲ್ಲಿನ ಎರಡು ಫೋಟೊ. ಒಂದರಲ್ಲಿ A-012 ಅಂತ ಹೊಡೆದಿದ್ದೀನಿ, ಇನ್ನೊಂದರಲ್ಲಿ ಸೊನ್ನೆ ಬದಲು O ಅಕ್ಷರ. ಅದಕ್ಕೇ ಎರಡು ಬಿಲ್ ಅಂತ ಎಣಿಸಿದೆ. ಒಂದು ತೆಗೆದೆ, 3,12,600 ಬಂತು.

ಕೊನೇದೊಂದು. ಫೋಟೊ 52ರಲ್ಲಿ ರೇಟು ಮಡಿಕೆಯಲ್ಲಿ ಹೋಗಿದೆ. 12 ಪೀಸು, ಮೊತ್ತ 1,140. ಭಾಗಿಸಿ 95 ಹಾಕಿಬಿಡಲಾ?

ಡಬಲ್_ಮಾನಿಟರ್: ಹಾಕಿ, ಲೆಕ್ಕ ಸರಿ ಇದೆಯಲ್ಲ.

ಖಾತೆ_ಕಿರ್ದಿ: ಬೇಡ. ರೇಟು 100 ಇದ್ದು ಶೇ 5 ಡಿಸ್ಕೌಂಟ್ ಕೊಟ್ಟಿದ್ದರೂ 1,140ನೇ ಬರುತ್ತೆ. ?? ಇರಲಿ, ಮಡಿಕೆ ಬಿಡಿಸಿ ಮತ್ತೊಂದು ಫೋಟೊ ಕಳಿಸೋಕೆ ಹೇಳಿ.

ಡಬಲ್_ಮಾನಿಟರ್: ಒಂದು ರೇಟಿಗೋಸ್ಕರ ಇಡೀ ಶೀಟ್ ತಡ ಮಾಡ್ತಾರಾ? ಅಂಗಡಿಗೆ ಬೀಳೋದು ಪೀಸಿಗೆ 95 ತಾನೇ.

ಟೈಪಿಂಗ್_ಮನೆ: ಅಂಗಡಿಯವರಿಗೆ ಮೆಸೇಜ್ ಹಾಕಿದ್ದೀನಿ. ಇನ್ನೂ ನೋಡಿಲ್ಲ.