900ಕ್ಕಿಂತ 1000 ಅಗ್ಗ ಆದಾಗ

ಕೇಳಿದವರು: ನಮ್ಮದು ಒಂದೇ ಆಫ್‌ಸೆಟ್ ಮಷಿನ್ ಇರುವ ಸಣ್ಣ ಪ್ರೆಸ್. ಒಂದು ಬಣ್ಣದ ಕರಪತ್ರಕ್ಕೆ 500ರಿಂದ 999ರವರೆಗೆ ತಲಾ 3 ರೂಪಾಯಿ, 1000 ಮತ್ತು ಮೇಲೆ 1.80. ಕನಿಷ್ಠ ಆರ್ಡರ್ 500. ಮೊನ್ನೆ 900 ಕೇಳಿದವರು ರೇಟಿಗೆ ಜಗಳ ಆಡಿ ಹೋದರು. ನೀವೆಲ್ಲ ಹೇಗೆ ಮಾಡುತ್ತೀರಿ?

ಹಾಸನದ ಪ್ರೆಸ್‌ನವರು: ಅವರ ಜಗಳ ನ್ಯಾಯವಾದದ್ದೇ. 900ಕ್ಕೆ 2700 ಕೊಡಬೇಕು, 1000ಕ್ಕೆ ಬರೀ 1800! ನಮ್ಮಲ್ಲೂ ಹೀಗೇ ಇತ್ತು. ಒಬ್ಬರು 1000 ಹಾಕಿಸಿ, ಬೇಡದ ನೂರನ್ನು ಕೌಂಟರ್ ಮೇಲೇ ಬಿಟ್ಟು ಹೋದರು. ಅವತ್ತೇ ಆ ರೇಟಿನ ಚೀಟಿ ಹರಿದು ಹಾಕಿದೆ.

ನಿಮ್ಮ ರೇಟಿನೊಳಗೇ ಲೆಕ್ಕ ಇದೆ ನೋಡಿ. 500ಕ್ಕೆ 1500, 1000ಕ್ಕೆ 1800. ಅಂದರೆ ಮೇಲಿನ 500ಕ್ಕೆ ಬಿದ್ದದ್ದು 300 ಮಾತ್ರ, ಒಂದಕ್ಕೆ 60 ಪೈಸೆ. ಅದು ಕಾಗದ, ಇಂಕು, ಓಡಿಸುವ ಕೂಲಿ. ಉಳಿದ 1200 ಪ್ಲೇಟಿಗೆ, ಸೆಟ್ಟಿಂಗ್‌ಗೆ, ಇಂಕು ಸಮ ಆಗುವವರೆಗೆ ಹಾಳಾಗುವ ಹಾಳೆಗೆ, ಕೊನೆಗೆ ರೋಲರ್ ತೊಳೆಯುವುದಕ್ಕೆ. ಎಷ್ಟೇ ಹಾಕಿಸಲಿ, ಅದು ಒಂದೇ ಸಲದ ಖರ್ಚು.

ಆದ್ದರಿಂದ ನಾನು ‘ಮೊದಲ 500ಕ್ಕೆ 1500, ಆಮೇಲೆ ಪ್ರತಿ ನೂರಕ್ಕೆ 60’ ಅಂತ ಹೇಳುತ್ತೇನೆ. 900ಕ್ಕೆ 1740 ಆಗುತ್ತದೆ. ಎಲ್ಲೂ ರೇಟು ಹಾರುವುದಿಲ್ಲ.

ಗದಗದವರು: ಕನಿಷ್ಠ 1000 ಇಟ್ಟುಬಿಡಿ. ನಾನು ಹೊರಗೆ ಓಡಿಸುತ್ತೇನೆ. ಅಲ್ಲಿ 300 ಓಡಿಸಿದರೂ ಸಾವಿರದ ಚಾರ್ಜೇ ಹಾಕುತ್ತಾರೆ.

ಹಾಸನದ ಪ್ರೆಸ್‌ನವರು: ಹೊರಗೆ ಓಡಿಸುವವರಿಗೆ ಅದು ಸರಿ. ಇವರ ಮಷಿನ್ ಸ್ವಂತದ್ದಲ್ವಾ? ಕನಿಷ್ಠ ಮಿತಿಯನ್ನು ಸಂಖ್ಯೆಯಲ್ಲಿ ಹೇಳುವ ಬದಲು ಹಣದಲ್ಲಿ ಹೇಳಿ: 1500ಕ್ಕಿಂತ ಕಡಿಮೆ ಬಿಲ್ ಇಲ್ಲ. 200 ಕೇಳಿದವರಿಗೆ ‘ಅದೇ ದುಡ್ಡಿಗೆ 500 ತಗೊಳ್ಳಿ, ಇಲ್ಲಾಂದ್ರೆ ಡಿಜಿಟಲ್ ಪ್ರಿಂಟ್ ಮಾಡಿಸಿ’ ಅಂತ ನೇರವಾಗಿ ಹೇಳಿ. ಅಷ್ಟಕ್ಕೆ ಪ್ಲೇಟ್ ಮಾಡಿಸುವುದು ಅವರಿಗೂ ನಷ್ಟ.

ಮದುವೆ ಕಾರ್ಡ್ ಅಂಗಡಿಯವರು: ನಾವು 100 ಕಾರ್ಡಿಗೂ ಒಪ್ಪಿಕೊಳ್ಳುತ್ತೇವೆ, ಯಾರನ್ನೂ ವಾಪಸ್ ಕಳಿಸಲ್ಲ. ರೆಡಿ ಕಾರ್ಡ್ ತಂದು ಸ್ಕ್ರೀನ್ ಪ್ರಿಂಟ್ ಹಾಕುತ್ತೇವೆ. ನೀವೂ ಹಾಗೇ ಮಾಡಬಹುದಲ್ಲ?

ಕೇಳಿದವರು: ನಮ್ಮಲ್ಲಿ ಸ್ಕ್ರೀನ್ ಇಲ್ಲ ಅಕ್ಕ, ಇದು ಕರಪತ್ರದ ಮಾತು. ಸರ್, ಒಬ್ಬರು ನಾಲ್ಕು ಊರಿನ ಹೆಸರು ಬದಲಿಸಿ 250ರಂತೆ ಒಟ್ಟು 1000 ಕೇಳುತ್ತಿದ್ದಾರೆ. ಸಾವಿರದ ರೇಟೇ ಬೇಕಂತೆ.

ಹಾಸನದ ಪ್ರೆಸ್‌ನವರು: ನಾಲ್ಕನ್ನೂ ಒಂದೇ ಪ್ಲೇಟಲ್ಲಿ ಕೂರಿಸಿ 250 ಹಾಳೆ ಓಡಿಸಿ, ಆಮೇಲೆ ಕತ್ತರಿಸಿ. ಆಗ ಸಾವಿರದ ರೇಟು ಕೊಡಬಹುದು, ಕಂಪೋಸಿಂಗ್ ಬೇರೆ ಹಾಕಿ. ಎಲ್ಲ ಊರಿಗೂ ಒಂದೇ ಸಂಖ್ಯೆ ಇದ್ದರೆ ಮಾತ್ರ ಇದು ಆಗುತ್ತದೆ. ಒಂದೂರಿಗೆ 600, ಇನ್ನೊಂದಕ್ಕೆ 100 ಅಂದರೆ ಹಾಳೆ ಸುಮ್ನೆ ಹಾಳು.

ಗದಗದವರು: ಬಿಲ್ ಬುಕ್‌ಗೆ ಈ ಲೆಕ್ಕ ಹಾಕಬೇಡಿ. ನಂಬರಿಂಗ್, ಪಿನ್, ಬೈಂಡಿಂಗ್ ಎಲ್ಲ ಕೈಕೆಲಸ. ಬುಕ್ ಜಾಸ್ತಿ ಆದರೂ ಆ ಕೂಲಿ ಇಳಿಯಲ್ಲ. 100 ಬುಕ್‌ಗೆ ರೇಟು ಇಳಿಸಿ ನಾನು ಕೈಯಿಂದ ಕೊಟ್ಟಿದ್ದೇನೆ.

ಕೇಳಿದವರು: ಪ್ರತಿ ತಿಂಗಳು ಬರುವ ಗಿರಾಕಿ 300 ಕೇಳಿದರೆ?

ಹಾಸನದ ಪ್ರೆಸ್‌ನವರು: ಹಳೇ ಪ್ಲೇಟ್ ಚೆನ್ನಾಗಿದ್ದರೆ ಅದರ ದುಡ್ಡು ಬಿಡುತ್ತೇನೆ, ಸೆಟ್ಟಿಂಗ್ ಬಿಡಲ್ಲ.

ಗದಗದವರು: ನಾನು ಅದನ್ನೂ ಬಿಡುತ್ತೇನೆ.