ಕಾಲೇಜಿನ ಗೂಗಲ್ ಐಡಿ ಮುಚ್ಚಿದೆ, ಅದರಿಂದ ಸೇರಿದ್ದ ಸೈಟ್‌ಗೆ ಲಾಗಿನ್ ಆಗ್ತಿಲ್ಲ

ಗಿರೀಶ (ವಾಕಡ್, ಪುಣೆ)

ನಮಸ್ಕಾರ. ಇಲ್ಲಿ ಇಂಜಿನಿಯರಿಂಗ್ ಓದುವಾಗ ಕಾಲೇಜು ಕೊಟ್ಟ ಮೇಲ್ ಐಡಿಯಿಂದ ಒಂದು ಪಿಸಿಬಿ ಡಿಸೈನ್ ಸೈಟ್‌ಗೆ ಸೇರಿದ್ದೆ. ಪಾಸ್‌ವರ್ಡ್ ಅಂತ ಏನೂ ಇಟ್ಟಿರಲಿಲ್ಲ. ‘Sign in with Google’ ಒತ್ತಿದರೆ ಸಾಕು, ಒಳಗೆ ಹೋಗುತ್ತಿತ್ತು.

ಈಗ ಕಾಲೇಜಿನವರು ಹಳೇ ವಿದ್ಯಾರ್ಥಿಗಳ ಐಡಿ ಮುಚ್ಚಿದ್ದಾರೆ. ಆ ಬಟನ್ ಒತ್ತಿ ಐಡಿ ಹಾಕಿದರೆ ‘Couldn't find your Google Account’ ಅಂತ ಬರುತ್ತೆ. ‘Forgot password’ ಒತ್ತಿದರೆ ಲಿಂಕ್ ಕಳಿಸಿದ್ದೇವೆ ಅನ್ನುತ್ತಾರೆ, ಆದರೆ ಅದು ಹೋಗುವುದು ಅದೇ ಮುಚ್ಚಿದ ಮೇಲ್‌ಗೆ. ನನ್ನ ಹ್ಯಾಮ್ ರೇಡಿಯೋ ಸರ್ಕ್ಯೂಟ್‌ಗಳೆಲ್ಲ ಆ ಸೈಟ್‌ನಲ್ಲೇ ಇವೆ. ವರ್ಷದ ಚಂದಾ ಕೂಡ ಕಾರ್ಡ್‌ನಿಂದ ತಾನೇ ಕಟ್ ಆಗುತ್ತೆ. ಮನೆಯ ಹಳೇ ಟ್ಯಾಬ್‌ನಲ್ಲಿ ಮಾತ್ರ ಸೈಟ್ ಇನ್ನೂ ತೆರೆದೇ ಇದೆ. ದಾರಿ ಇದ್ದರೆ ಹೇಳಿ.

ಪ್ರಕಾಶ (ಡೊಂಬಿವಲಿ)

ಸುಲಭ ಇದೆ ಗಿರೀಶ್. ಕಾಲೇಜಿನ ಐಟಿಯವರಿಗೆ ಹೇಳಿ ಅದೇ ಹೆಸರಿನ ಐಡಿ ಮತ್ತೆ ಮಾಡಿಸಿ. ಅದರಿಂದ ಗೂಗಲ್ ಬಟನ್ ಒತ್ತಿ, ಮುಗೀತು. ನಮ್ಮ ಆಫೀಸಿನಲ್ಲಿ ಒಬ್ಬರ ಐಡಿ ಹೋಗಿತ್ತು, ಹೀಗೇ ಮಾಡಿದೆವು. ಹಳೇ ಫೈಲ್ ಎಲ್ಲ ಇದ್ದವು.

ಸುಜಾತಾ (ಮಾಟುಂಗಾ)

ನನಗೂ ಇದೇ ಆಗಿದೆ. ಫೇಸ್‌ಬುಕ್ ಅಕೌಂಟ್ ಬಂದ್ ಆಯಿತು, ಅದರಿಂದ ಲಾಗಿನ್ ಆಗುತ್ತಿದ್ದ ಅಡುಗೆ ಆಪ್ ಹೋಯಿತು. ಫೇಸ್‌ಬುಕ್‌ಗೆ ಅರ್ಜಿ ಹಾಕುತ್ತಲೇ ಇದ್ದೇನೆ, ಉತ್ತರವೇ ಇಲ್ಲ. ನೀವೂ ಗೂಗಲ್‌ಗೆ ಬರೆದುಕೊಂಡು ಕೂರಬೇಡಿ.

ವಾದಿರಾಜ (ಪೋಂಡಾ, ಗೋವಾ)

ಗಿರೀಶ್, ಮೊದಲು ಆ ಟ್ಯಾಬ್ ಕಾಪಾಡಿಕೊಳ್ಳಿ. ಲಾಗೌಟ್ ಮಾಡಬೇಡಿ, ಬ್ರೌಸರ್ ಕುಕೀ ಅಳಿಸಬೇಡಿ. ಟ್ಯಾಬ್‌ನಿಂದ ಕಾಲೇಜಿನ ಐಡಿಯನ್ನೂ ಈಗಲೇ ತೆಗೆಯಬೇಡಿ. ಸೈಟ್ ನಿಮ್ಮನ್ನು ಒಳಗೆ ಬಿಟ್ಟಿರುವುದು ತಾನೇ ಇಟ್ಟ ಕುಕೀ ನೋಡಿ. ಪ್ರತಿ ಸಲ ಗೂಗಲ್‌ನ ಕೇಳುವುದಿಲ್ಲ. ಆದರೆ ಆ ಕುಕೀಗೂ ಅವಧಿ ಇರುತ್ತೆ, ಆದ್ದರಿಂದ ಇವತ್ತೇ ಎಲ್ಲ ಡಿಸೈನ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಗರ್ಬರ್ ಒಂದೇ ಸಾಲದು, ಅದರಿಂದ ಬೋರ್ಡ್ ಮಾಡಿಸಬಹುದು, ಸರ್ಕ್ಯೂಟ್ ತಿದ್ದುವುದಕ್ಕೆ ಆಗಲ್ಲ. ಮೂಲ ಸ್ಕೀಮ್ಯಾಟಿಕ್ ಫೈಲೇ ಬೇಕು.

ಪ್ರಕಾಶ್ ಅವರೇ, ನಿಮ್ಮ ಆಫೀಸಿನಲ್ಲಿ ಆಗಿದ್ದು ನಿಜ ಇರಬಹುದು, ಆದರೆ ಎಲ್ಲ ಕಡೆ ಹಾಗಾಗಲ್ಲ. ನಾನು ಲಾಗಿನ್ ವ್ಯವಸ್ಥೆ ಬರೆಯುವ ಕೆಲಸದಲ್ಲೇ ಇದ್ದೇನೆ. ಬಟನ್ ಒತ್ತಿದಾಗ ಗೂಗಲ್ ಸೈಟ್‌ಗೆ ಕೊಡುವ ಚೀಟಿಯಲ್ಲಿ ಇಂಥ ಸಾಲುಗಳಿರುತ್ತವೆ:

```
"iss": "https://accounts.google.com",
"sub": "1102484959212389",
"email": "girish@college.example"
```

ಬಳಕೆದಾರರನ್ನು `sub` ನೋಡಿ ಗುರುತಿಸಿ, ಮೇಲ್ ನೋಡಿ ಅಲ್ಲ ಅಂತ ಗೂಗಲ್ ಸೈಟ್‌ಗಳಿಗೆ ಹೇಳುತ್ತೆ. ಐಡಿ ಅಳಿಸಿ ಅದೇ ಹೆಸರಿನಲ್ಲಿ ಹೊಸದು ಮಾಡಿದರೆ ಮೇಲ್ ಅದೇ ಇರುತ್ತೆ, `sub` ಬೇರೆಯಾಗುತ್ತೆ. ಆಗ ಸರಿಯಾಗಿ ಬರೆದ ಸೈಟ್ ನಿಮ್ಮನ್ನು ಹೊಸಬರು ಅಂತ ನೋಡುತ್ತೆ. ಖಾಲಿ ಅಕೌಂಟ್ ತೆರೆಯುತ್ತೆ, ಇಲ್ಲವೇ ಈ ಮೇಲ್ ಆಗಲೇ ಬಳಕೆಯಲ್ಲಿದೆ ಅನ್ನುತ್ತೆ. ನಿಮ್ಮ ಆಫೀಸಿನವರು ಬಳಸಿದ ಸೈಟ್ ಬರೀ ಮೇಲ್ ನೋಡಿ ಒಳಗೆ ಬಿಟ್ಟಿರಬೇಕು. ಅಲ್ಲಿ ನಾಳೆ ಅದೇ ಐಡಿ ಬೇರೆಯವರಿಗೆ ಕೊಟ್ಟರೆ ಅವರೂ ಒಳಗೆ ಹೋಗುತ್ತಾರೆ. ನನಗೆ ಅದು ಸರಿ ಕಾಣಲ್ಲ.

ಆದರೂ ನಿಮ್ಮ ಸಲಹೆಯಲ್ಲಿ ಒಂದು ಒಳ್ಳೇ ಅಂಶ ಇದೆ. ಹೊಸ ಐಡಿಗೆ ಮೇಲ್ ಬರುತ್ತಲ್ವಾ? ಆಗ ಗೂಗಲ್ ಬಟನ್ ಬಿಟ್ಟು ‘Forgot password’ ಒತ್ತಿದರೆ ಲಿಂಕ್ ಕೈಗೆ ಸಿಗುತ್ತೆ. ಗಿರೀಶ್, ಅದಕ್ಕೆ ಪೂರ್ತಿ ಐಡಿ ಕೂಡ ಬೇಕಿಲ್ಲ. ಹಳೇ ವಿಳಾಸವನ್ನು ಕಾಲೇಜಿನವರು ತಮ್ಮದೇ ಯಾವುದಾದರೂ ಮೇಲ್‌ಬಾಕ್ಸ್‌ಗೆ ಏಲಿಯಾಸ್ ಆಗಿ ಸ್ವಲ್ಪ ಹೊತ್ತು ಸೇರಿಸಿ, ಬಂದ ಲಿಂಕ್ ನಿಮಗೆ ಕೊಟ್ಟರೂ ಸಾಕು. ‘ನನ್ನ ಐಡಿ ವಾಪಸ್ ಕೊಡಿ’ ಅಂದರೆ ನಿಯಮ ಇಲ್ಲ ಅಂತಾರೆ. ‘ಒಂದು ಮೇಲ್ ತಲುಪಿಸಿ’ ಅಂತ ಕೇಳಿ ನೋಡಿ, ಒಪ್ಪುವ ಸಾಧ್ಯತೆ ಜಾಸ್ತಿ.

ಕೇಳುವ ಮೊದಲು ಐಡಿ ಅಳಿಸಿದ್ದಾರಾ, ಸುಮ್ನೆ ತಡೆಹಿಡಿದಿದ್ದಾರಾ ತಿಳಿದುಕೊಳ್ಳಿ. ನಿಮ್ಮ ಜಿಮೇಲ್‌ನಿಂದ ಹಳೇ ವಿಳಾಸಕ್ಕೆ ಒಂದು ಮೇಲ್ ಹಾಕಿ. ವಾಪಸ್ ಬರುವ ಪತ್ರದಲ್ಲಿ `550 5.1.1` ಇದ್ದರೆ ಸಾಮಾನ್ಯವಾಗಿ ಆ ವಿಳಾಸವೇ ಇಲ್ಲ ಅಂತ ಅರ್ಥ. `550 5.2.1` ಇದ್ದರೆ ಅಕೌಂಟ್ ಇದೆ, ನಿಲ್ಲಿಸಿದ್ದಾರೆ. ನಿಲ್ಲಿಸಿದ್ದನ್ನು ಮತ್ತೆ ಚಾಲೂ ಮಾಡಿದರೆ `sub` ಅದೇ ಇರುತ್ತೆ, ಗೂಗಲ್ ಬಟನ್ನೇ ಕೆಲಸ ಮಾಡುತ್ತೆ. ಅಳಿಸಿದ್ದರೆ ಅಡ್ಮಿನ್ 20 ದಿನದ ಒಳಗೆ ಮಾತ್ರ ವಾಪಸ್ ತರಬಹುದು.

ಸುಜಾತಾ ಮೇಡಂ, ನಿಮ್ಮದು ಬೇರೆ ಸಮಸ್ಯೆ, ಇದಕ್ಕಿಂತ ಹಗುರ. ಫೇಸ್‌ಬುಕ್‌ನಲ್ಲಿ ಯಾವ ಮೇಲ್ ಕೊಟ್ಟಿದ್ದಿರಿ? ಅದು ಈಗಲೂ ತೆರೆಯುತ್ತಾ?

ಸುಜಾತಾ (ಮಾಟುಂಗಾ)

ನನ್ನ ಜಿಮೇಲ್ ಕೊಟ್ಟಿದ್ದೆ. ದಿನಾ ನೋಡುತ್ತೇನೆ.

ವಾದಿರಾಜ (ಪೋಂಡಾ, ಗೋವಾ)

ಹಾಗಾದರೆ ಅಡುಗೆ ಆಪ್‌ಗೋಸ್ಕರ ಫೇಸ್‌ಬುಕ್‌ನ ಕಾಯುವುದು ಬೇಡ. ಆಪ್‌ನಲ್ಲಿ ‘Forgot password’ ಒತ್ತಿ ಆ ಜಿಮೇಲ್ ಹಾಕಿ. ಹಿಂದೆ ಪಾಸ್‌ವರ್ಡ್ ಇಟ್ಟಿರದಿದ್ದರೂ ಬಹಳ ಸೈಟ್‌ಗಳು ಹೊಸದು ಇಡಲು ಬಿಡುತ್ತವೆ. ಫೇಸ್‌ಬುಕ್ ಬರೀ ಫೋನ್ ನಂಬರಿನಿಂದ ತೆರೆದಿದ್ದರೆ ಕಷ್ಟವಾಗುತ್ತಿತ್ತು. ಆಗ ಆಪ್‌ಗೆ ಯಾವ ಮೇಲೂ ಹೋಗಿರುವುದಿಲ್ಲ.

ಸುಜಾತಾ (ಮಾಟುಂಗಾ)

ಬಂತು! ಲಿಂಕ್ ಸ್ಪ್ಯಾಮ್‌ನಲ್ಲಿತ್ತು. ನನ್ನ ಹೋಳಿಗೆ, ಪಾಯಸ ಎಲ್ಲ ಹಾಗೇ ಇವೆ. ತುಂಬಾ ಉಪಕಾರ ಆಯಿತು.

ಗಿರೀಶ (ವಾಕಡ್, ಪುಣೆ)

ವಾದಿರಾಜ್ ಸರ್, ಹೇಳಿದಂತೆ ಮಾಡಿದೆ. ವಾಪಸ್ ಬಂದಿದ್ದು 5.1.1. ಐಡಿ ಮುಚ್ಚಿ ತಿಂಗಳುಗಳಾಗಿವೆ, ಅಂದರೆ 20 ದಿನ ಯಾವಾಗಲೋ ದಾಟಿದೆ. ಏಲಿಯಾಸ್ ಬಗ್ಗೆ ಕಾಲೇಜಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಟ್ಯಾಬ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಮೇಲ್ ಬದಲಿಸಲು ನೋಡಿದೆ. ಮೊದಲು ಗೂಗಲ್‌ನಿಂದ ಮತ್ತೊಮ್ಮೆ ಖಚಿತಪಡಿಸಿ ಅನ್ನುತ್ತೆ, ಅಲ್ಲಿಗೆ ನಿಂತಿತು. ಫೈಲ್‌ಗಳನ್ನೆಲ್ಲ ಇಳಿಸಿಕೊಂಡಿದ್ದೇನೆ.

ವಾದಿರಾಜ (ಪೋಂಡಾ, ಗೋವಾ)

ಕದ್ದ ಮೊಬೈಲಿನಿಂದ ಯಾರೂ ಅಕೌಂಟ್ ಹೊಡೆಯಬಾರದು ಅಂತ ಆ ತಡೆ ಇಡುತ್ತಾರೆ, ಅದನ್ನು ದಾಟಲು ಹೋಗಬೇಡಿ. ಬೇರೆ ದಾರಿ ನೋಡೋಣ. ನಿಮ್ಮ ಜಿಮೇಲ್‌ನಿಂದ ಅದೇ ಸೈಟ್‌ನಲ್ಲಿ ಹೊಸ ಅಕೌಂಟ್ ತೆರೆಯಿರಿ, ಈ ಸಲ ಪಾಸ್‌ವರ್ಡ್ ಇಟ್ಟು. ಟ್ಯಾಬ್‌ನಿಂದ ಪ್ರಾಜೆಕ್ಟ್‌ಗಳಿಗೆ ಆ ಅಕೌಂಟನ್ನು ಸೇರಿಸಿ, ಒಡೆತನ ಅದಕ್ಕೆ ವರ್ಗಾಯಿಸಿ. ಮೇಲ್ ಬದಲಿಸುವುದಕ್ಕೆ ಇರುವ ಕಾವಲು ಹಂಚಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ಹಾಗೇ ಸಪೋರ್ಟ್‌ಗೂ ಬರೆಯಿರಿ. ಟ್ಯಾಬ್‌ನಲ್ಲಿ ಬಿಲ್ಲಿಂಗ್ ಪುಟ ತೆರೆದು ಇನ್‌ವಾಯ್ಸ್ ನಂಬರ್, ಹಣ ಕಟ್ಟಿದ ತಾರೀಖು, ಕಾರ್ಡಿನ ಕೊನೇ 4 ಅಂಕಿ ಬರೆದುಕೊಳ್ಳಿ. ಅಕೌಂಟ್ ನಿಮ್ಮದೇ ಅನ್ನುವುದಕ್ಕೆ ಅವರಿಗೆ ಬೇಕಾಗುವುದು ಇಂಥದ್ದೇ. ಕಾರ್ಡಿನ ಪೂರ್ತಿ ನಂಬರ್ ಯಾರು ಕೇಳಿದರೂ ಕೊಡಬೇಡಿ.

ಗಿರೀಶ (ವಾಕಡ್, ಪುಣೆ)

ವರ್ಗಾವಣೆ ಆಯಿತು ಸರ್. ಪ್ರಾಜೆಕ್ಟ್‌ಗಳು ಬಂದವು. ನಾನೇ ಬಿಡಿಸಿದ ಭಾಗಗಳ ಲೈಬ್ರರಿ ಮಾತ್ರ ಹಳೇ ಅಕೌಂಟಿನಲ್ಲೇ ಉಳಿದಿದೆ, ಅದಕ್ಕೆ ವರ್ಗಾಯಿಸುವ ಬಟನ್ನೇ ಇಲ್ಲ. ಇನ್‌ವಾಯ್ಸ್ ಹಾಕಿ ಸಪೋರ್ಟ್‌ಗೆ ಬರೆದಿದ್ದೇನೆ. ಈಗ ಹಳೇ ಅಕೌಂಟಿನ ಚಂದಾ ನಿಲ್ಲಿಸಲಾ?

ಪ್ರಕಾಶ (ಡೊಂಬಿವಲಿ)

ಹಣ ಯಾಕೆ ಸುಮ್ನೆ ಕಳೆಯುತ್ತೀರಿ? ಬ್ಯಾಂಕಿನ ಆಪ್‌ನಲ್ಲಿ ಇ-ಮ್ಯಾಂಡೇಟ್ ರದ್ದು ಮಾಡಿ. ಸೈಟಿನವರನ್ನು ಕೇಳಬೇಕಾಗೇ ಇಲ್ಲ.

ವಾದಿರಾಜ (ಪೋಂಡಾ, ಗೋವಾ)

ರದ್ದು ಮಾಡಬಹುದು, ಪ್ರಕಾಶ್ ಹೇಳಿದ್ದು ಸರಿ. ಆದರೆ ಲೈಬ್ರರಿ ಇನ್ನೂ ಒಳಗಿದೆ. ಚಂದಾ ನಿಂತ ಮೇಲೆ ಅದನ್ನು ತೆರೆಯಲು ಬಿಡುತ್ತಾರಾ ಇಲ್ಲವಾ, ಆ ಸೈಟಿನ ನಿಯಮ ಓದಿಯೇ ತಿಳಿಯಬೇಕು. ಕಾರ್ಡಿನಿಂದ ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಮೆಸೇಜ್ ಬರಬೇಕು ಅಂತ ಆರ್‌ಬಿಐ ನಿಯಮ ಇದೆ. ಅಲ್ಲಿಯವರೆಗೆ ಸಪೋರ್ಟ್‌ನ ಉತ್ತರ ಕಾಯಿರಿ. ಉತ್ತರ ಬಾರದೆ ಆ ಮೆಸೇಜ್ ಬಂದರೆ ರದ್ದು ಮಾಡಬೇಕಾ, ಇನ್ನೊಂದು ವರ್ಷ ಕಟ್ಟಬೇಕಾ ಅನ್ನುವುದು ಆ ಲೈಬ್ರರಿ ಮತ್ತೆ ಬಿಡಿಸಲು ಎಷ್ಟು ಹೊತ್ತು ಬೇಕು ಅನ್ನುವುದರ ಮೇಲಿದೆ.

ಗಿರೀಶ (ವಾಕಡ್, ಪುಣೆ)

ಸರಿ ಸರ್, ಕಾಯುತ್ತೇನೆ. ಸಪೋರ್ಟ್‌ನಿಂದ ಏನು ಬಂದರೂ ಇಲ್ಲೇ ಹಾಕುತ್ತೇನೆ.